ರಿಜೆಕ್ಟ್ ಆದ್ಮೇಲೆ ಬರೋ ಫೀಡ್‌ಬ್ಯಾಕ್ ಮೇಲ್: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಲ್ಲಿ ರಿಕ್ರೂಟರ್, ಹೆಚ್ಚಾಗಿ ಅಕೌಂಟ್ಸ್ ಮತ್ತು ಕಮರ್ಷಿಯಲ್ ಕೆಲಸಗಳಿಗೆ ಜನ ಹುಡುಕ್ತೀನಿ. ಶಾರ್ಟ್‌ಲಿಸ್ಟ್ ಆಗದೇ ಇರೋರಿಗೆ ಸಾಧ್ಯ ಆದಾಗೆಲ್ಲ ಪೋಸ್ಟಿಂಗ್‌ನಲ್ಲಿ ಕೇಳಿದ್ದ ಯಾವ ಅಂಶ ರೆಸ್ಯೂಮಲ್ಲಿ ಸಿಗಲಿಲ್ಲ ಅಂತ ಒಂದು ಮೇಲ್ ಹಾಕ್ತೀನಿ. ಆ ಮೇಲ್ ಹೋದ ಮೇಲೆ ಬರೋ ಫೋನು, ಉತ್ತರ, ಮೆಸೇಜುಗಳಲ್ಲಿ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳಿದ ಮಾತಲ್ಲೇ ಇಟ್ಟಿದೀನಿ.

## ಮೊದಮೊದಲ ಪ್ರಶ್ನೆಗಳು

ಈ ಮೇಲ್ ಎಲ್ಲರಿಗೂ ಒಂದೇ ಥರ ಹೋಗತ್ತಾ, ಇಲ್ಲ ನನ್ನ ರೆಸ್ಯೂಮ್ ನೋಡೇ ಬರ್ದಿದಾರಾ?

ಮೇಲ್ ಒಳಗೆ ನಿಮ್ಮ ಬಗ್ಗೆ ಒಂದಾದ್ರೂ ಖಚಿತ ಮಾತಿದ್ಯಾ ನೋಡಿ. "ನಿಮ್ಮ ಪ್ರೊಫೈಲ್‌ಗಿಂತ ಹೆಚ್ಚು ಹೊಂದೋ ಅಭ್ಯರ್ಥಿಗಳು ಸಿಕ್ಕಿದಾರೆ, ಮುಂದಿನ ಪ್ರಯತ್ನಕ್ಕೆ ಶುಭವಾಗಲಿ" ಅಂತಷ್ಟೇ ಇದ್ರೆ ಅದು ಸಾಫ್ಟ್‌ವೇರಲ್ಲಿ ಸ್ಟೇಟಸ್ ಬದಲಾಯಿಸಿದ ತಕ್ಷಣ ಹೋಗೋ ರೆಡಿ ಮೇಲು, ಅದನ್ನ ಹತ್ತು ಸಲ ಓದಿದ್ರೂ ಅದರಿಂದ ತಿಳಿಯೋದು ಏನಿಲ್ಲ. ಅದೇ "3 ವರ್ಷದ ಜಿಎಸ್‌ಟಿ ರಿಟರ್ನ್ ಅನುಭವ ಕೇಳಿದ್ವಿ, ನಿಮ್ಮ ರೆಸ್ಯೂಮಲ್ಲಿ 14 ತಿಂಗಳು ಕಾಣ್ತು" ಅಂತ ಇದ್ರೆ ಯಾರೋ ಕೂತು ನಿಮ್ಮ ತಾರೀಕುಗಳನ್ನ ಎಣಿಸಿದಾರೆ ಅಂತ ಅರ್ಥ. ನಾವು ಪೋಸ್ಟಿಂಗ್‌ನ ಒಂದೊಂದು ಅಂಶಕ್ಕೂ ಶೀಟಲ್ಲಿ ಒಂದೊಂದು ಕಾಲಮ್ ಇಟ್ಕೊಂಡಿರ್ತೀವಿ, ಒಂದು ರೆಸ್ಯೂಮ್ ಅಂದ್ರೆ ಒಂದು ಸಾಲು, ಪ್ರತಿ ಕಾಲಮಲ್ಲಿ ಇದೆ, ಇಲ್ಲ, ಸ್ಪಷ್ಟ ಇಲ್ಲ ಅಂತ ಹಾಕ್ತಾ ಹೋಗೋದು. ಫೀಡ್‌ಬ್ಯಾಕ್ ಮೇಲ್ ಅನ್ನೋದು ಆ ಸಾಲಲ್ಲಿ "ಇಲ್ಲ", "ಸ್ಪಷ್ಟ ಇಲ್ಲ" ಅಂತ ಬಿದ್ದ ಕಾಲಮುಗಳ ಪಟ್ಟಿ.

ರಿಕ್ವೈರ್‌ಮೆಂಟ್ ಮೀಟ್ ಆಗಿಲ್ಲ ಅಂದ್ರೆ ನಂಗೆ ಆ ಕೆಲ್ಸ ಬರಲ್ಲ ಅಂತಾನಾ ಅವ್ರು ಹೇಳ್ತಿರೋದು?

ಅಲ್ಲ, ಮತ್ತೆ ಈ ಒಂದು ವಿಷಯ ಅರ್ಥ ಆದ್ರೆ ಮೇಲ್ ಓದೋ ರೀತಿನೇ ಬದಲಾಗತ್ತೆ. ಆ ಹಂತದಲ್ಲಿ ನಾವು ನಿಮ್ಮನ್ನ ನೋಡಿಲ್ಲ, ನಿಮ್ಮ ಕೆಲಸ ನೋಡಿಲ್ಲ, ನೋಡಿರೋದು ಎರಡು ಪುಟ ಅಷ್ಟೆ. ಹಾಗಾಗಿ ಮೇಲ್‌ನ ಪ್ರತಿ ಸಾಲಿನ ಅರ್ಥ "ಇದು ನಿಮ್ಮ ರೆಸ್ಯೂಮಲ್ಲಿ ಕಾಣ್ಲಿಲ್ಲ" ಅಂತ. ಕಾಣದೇ ಇರೋದಕ್ಕೆ ಮೂರು ಕಾರಣ ಇರಬಹುದು. ನೀವು ಆ ಕೆಲಸ ಮಾಡಿದೀರ ಆದ್ರೆ ಬರೆದಿಲ್ಲ. ಅಥವಾ ಅದರ ಒಂದು ಭಾಗ ಮಾತ್ರ ಮಾಡಿದೀರ. ಅಥವಾ ನಿಜವಾಗ್ಲೂ ಮಾಡೇ ಇಲ್ಲ. ಮೇಲ್ ಬಂದ ದಿನ ಕೆಳಗೆ ಹೇಳೋ ಥರ ಪ್ರತಿ ಅಂಶದ ಪಕ್ಕ ಈ ಮೂರರಲ್ಲಿ ಯಾವುದು ಅಂತ ಪೆನ್ನಲ್ಲಿ ಬರ್ಕೊಳಿ, ಯಾಕಂದ್ರೆ ಮೂರಕ್ಕೂ ಮಾಡಬೇಕಾದ್ದು ಬೇರೆ ಬೇರೆ. ಮೊದಲನೇದಕ್ಕೆ ಒಂದು ಸಂಜೆ ಸಾಕು, ಮೂರನೇದಕ್ಕೆ ಒಂದು ವರ್ಷವೂ ಬೇಕಾಗಬಹುದು. ಮೂರನ್ನೂ ಒಂದೇ ಗಂಟಲ್ಲಿ ಕಟ್ಟಿ "ನಂಗೇನೂ ಬರಲ್ಲ" ಅಂತ ಕೂರೋರನ್ನ ನೋಡಿದಾಗ ನಿಜಕ್ಕೂ ಬೇಜಾರಾಗತ್ತೆ.

ರೆಸ್ಯೂಮಲ್ಲಿ ಕ್ಲಿಯರಾಗಿ ಇತ್ತಲ್ಲ ಮೇಡಂ, ನೀವು ಓದೇ ಇಲ್ವಾ?

ನಾವು ಮಿಸ್ ಮಾಡೋದೂ ಉಂಟು, ಒಪ್ಕೋತೀನಿ. ಒಂದು ಪೋಸ್ಟಿಗೆ ನೂರಾರು ರೆಸ್ಯೂಮ್ ಬಂದಾಗ ಮೊದಲ ಸುತ್ತಲ್ಲಿ ಪ್ರತಿಯೊಂದನ್ನೂ ಕೊನೇ ಸಾಲಿನವರೆಗೆ ಓದಕ್ಕಾಗಲ್ಲ, ಕಣ್ಣು ಹೋಗೋದು ಈಗಿನ ಕೆಲಸ, ಹುದ್ದೆ, ತಾರೀಕು, ಅದರ ಕೆಳಗಿನ ನಾಲ್ಕೈದು ಸಾಲು. ಎರಡನೇ ಪುಟದ ಕೊನೇಲಿ "ಸ್ಕಿಲ್ಸ್" ಅಂತ ಒಂದು ಡಬ್ಬಿ ಮಾಡಿ ಅದರೊಳಗೆ ಜಿಎಸ್‌ಟಿ, ಟಿಡಿಎಸ್, ಟ್ಯಾಲಿ, ಎಕ್ಸೆಲ್ ಅಂತ ಸಾಲಾಗಿ ಪದ ಹಾಕಿದ್ರೆ ಅದನ್ನ ನೋಡಿದ್ರೂ ನಾವು "ಇದೆ" ಅಂತ ಹಾಕಲ್ಲ, "ಸ್ಪಷ್ಟ ಇಲ್ಲ" ಅಂತಾನೇ ಹಾಕ್ತೀವಿ, ಯಾಕಂದ್ರೆ ಎಲ್ಲಿ, ಎಷ್ಟು ದಿನ ಮಾಡಿದ್ರಿ ಅನ್ನೋದು ಅದರಲ್ಲಿಲ್ಲ.

ಇನ್ನೊಂದು ಕಾರಣ ಫೈಲ್‌ನದ್ದೇ ಇರಬಹುದು. ಎರಡು ಕಾಲಮ್ಮಿನ ಚಂದದ ಡಿಸೈನು, ಟೇಬಲ್ಲು, ಸ್ಕ್ಯಾನ್ ಮಾಡಿದ ಪಿಡಿಎಫ್ ಇದ್ರೆ ಸಾಫ್ಟ್‌ವೇರ್ ಅದರಿಂದ ಅಕ್ಷರ ಎತ್ತುವಾಗ ಸಾಲುಗಳು ಹಿಂದೆಮುಂದೆ ಆಗತ್ತೆ, ಸ್ಕ್ಯಾನ್ ಆದ್ರೆ ಎಷ್ಟೋ ಸಲ ಏನೂ ಬರೋದೇ ಇಲ್ಲ. ಪರೀಕ್ಷೆ ಸುಲಭ. ಪಿಡಿಎಫ್ ತೆಗೆದು `Ctrl+A`, ಆಮೇಲೆ `Ctrl+C` ಒತ್ತಿ, ನೋಟ್‌ಪ್ಯಾಡಲ್ಲಿ ಪೇಸ್ಟ್ ಮಾಡಿ ನೋಡಿ. ಅಲ್ಲಿ ಕಂಪನಿ ಹೆಸರು ಒಂದು ಕಡೆ ಅದರ ತಾರೀಕು ಇನ್ನೆಲ್ಲೋ ಬಂದಿದ್ರೆ ಆ ಕಡೆ ಕೂತಿರೋ ಸಾಫ್ಟ್‌ವೇರಿಗೂ ಹಾಗೇ ಕಾಣ್ತಿರೋ ಸಾಧ್ಯತೆ ಜಾಸ್ತಿ.

ಜಾಬ್ ಪೋರ್ಟಲ್ ಮೂಲಕ ಅಪ್ಲೈ ಮಾಡಿದ್ರೆ ಪ್ರೊಫೈಲನ್ನೂ ನೋಡಿ. ರೆಸ್ಯೂಮ್ ಹೊಸದು ಹಾಕಿರ್ತೀರ, ಪ್ರೊಫೈಲಲ್ಲಿ ಒಟ್ಟು ಅನುಭವ ಎರಡು ವರ್ಷದ ಹಿಂದೆ ತುಂಬಿದ್ದೇ ಇರತ್ತೆ. ನಾವು ಫಿಲ್ಟರ್ ಹಾಕೋದು ಪ್ರೊಫೈಲ್ ಮೇಲೆ.

ನಂಗೆ ಕಾರಣನೇ ಹೇಳಿಲ್ಲ, ಕಾರಣ ಕೊಡಿ ಅಂತ ಕೇಳೋ ಹಕ್ಕು ಇದ್ಯಾ?

ಖಾಸಗಿ ಕಂಪನಿ ರಿಜೆಕ್ಟ್ ಮಾಡಿದ ಪ್ರತಿಯೊಬ್ಬರಿಗೂ ಕಾರಣ ಹೇಳ್ಬೇಕು ಅನ್ನೋ ಕಾನೂನು ನಮ್ಮಲ್ಲಿಲ್ಲ, ಕೊಟ್ರೆ ಅದು ಅವರ ಕಡೆಯಿಂದ ಬಂದ ಸೌಜನ್ಯ. ಸರ್ಕಾರಿ ನೇಮಕಾತಿ ಆದ್ರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ನಿಮ್ಮ ಅರ್ಜಿ ಯಾವ ಅರ್ಹತೆ ಇಲ್ಲ ಅಂತ ತಿರಸ್ಕಾರ ಆಯ್ತು ಅಂತ ಅರ್ಜಿ ಹಾಕಿ ಕೇಳಬಹುದು.

ಖಾಸಗಿಯಲ್ಲಿ ಕೇಳೋದೇ ಆದ್ರೆ "ಯಾಕೆ ರಿಜೆಕ್ಟ್ ಮಾಡಿದ್ರಿ" ಅಂತ ಕೇಳ್ಬೇಡಿ, ಅದಕ್ಕೆ ಉತ್ತರ ಕೊಡಕ್ಕೆ ಎಲ್ಲರೂ ಹಿಂದೇಟು ಹಾಕ್ತಾರೆ. "ಪೋಸ್ಟಿಂಗ್‌ನಲ್ಲಿ ಕೇಳಿದ್ದರಲ್ಲಿ ಯಾವುದು ನನ್ನ ರೆಸ್ಯೂಮಲ್ಲಿ ಕಾಣ್ಲಿಲ್ಲ, ಒಂದೆರಡು ಹೇಳಿದ್ರೆ ಸಾಕು" ಅಂತ ಕೇಳಿ. ಇದಕ್ಕೆ ಶೀಟ್ ನೋಡಿ ಎರಡು ನಿಮಿಷದಲ್ಲಿ ಉತ್ತರ ಬರೀಬಹುದು. ವಾರದೊಳಗೆ ಕೇಳಿದ್ರೆ ಒಳ್ಳೇದು, ಆಮೇಲೆ ನಮಗೂ ನೆನಪಿರಲ್ಲ.

ಜರ್ಮನಿಯಲ್ಲಿ ಅಪ್ಲೈ ಮಾಡಿದ್ದೆ, ಎಷ್ಟು ಕೇಳಿದ್ರೂ ಬಾಯೇ ಬಿಡಲ್ಲ, ಅಲ್ಲಿಯವ್ರು ಯಾಕ್ ಹೀಗೆ?

ಅಲ್ಲಿ 2006ರಿಂದ ತಾರತಮ್ಯ ವಿರೋಧಿ ಕಾನೂನಿದೆ, ವಯಸ್ಸು, ಲಿಂಗ, ಧರ್ಮ, ಜನಾಂಗ ಇಂಥ ಕಾರಣಕ್ಕೆ ಕೈಬಿಟ್ರು ಅಂತ ಅನ್ಸಿದ್ರೆ ರಿಜೆಕ್ಷನ್ ಕೈಗೆ ಬಂದ ಎರಡು ತಿಂಗಳೊಳಗೆ ಪರಿಹಾರ ಕೇಳಬಹುದು. ರಿಕ್ರೂಟರ್ ಬರೆದ ಒಂದು ಸಾಲನ್ನೇ ಸಾಕ್ಷಿ ಅಂತ ಹಿಡಿಯಬಹುದು ಅನ್ನೋ ಭಯಕ್ಕೆ ಅಲ್ಲಿಯ ಕಂಪನಿಗಳು ರೆಡಿ ವಾಕ್ಯದಿಂದ ಆಚೆ ಬರಲ್ಲ. ಅಮೆರಿಕದಲ್ಲೂ ಇದೇ ಥರದ ಕೇಸಿನ ಹೆದರಿಕೆ. ನಿಮ್ಮ ರೆಸ್ಯೂಮಲ್ಲಿ ವಿಶೇಷ ತಪ್ಪು ಇತ್ತು ಅಂತ ಆ ಮೌನದಿಂದ ಅಂದ್ಕೋಬೇಡಿ.

## ಮೇಲ್ ಕೈಲಿ ಹಿಡ್ಕೊಂಡು

ಒಂದು ನಿಜವಾದ ಮೇಲ್ ಇಟ್ಕೊಂಡು ಹೇಳ್ತೀರಾ, ಹೇಗೆ ಓದ್ಬೇಕು ಅಂತ?

ಹೇಳ್ತೀನಿ. 2024ರ ನವೆಂಬರ್ ಕೊನೇಲಿ ನಾನೇ ಬರೆದ ಮೇಲ್ ಇದು, ಪೀಣ್ಯದ ಒಂದು ಮೆಷಿನ್ ಪಾರ್ಟ್ಸ್ ತಯಾರಿಸೋ ಕಂಪನಿಗೆ ಅಕೌಂಟ್ಸ್ ಎಕ್ಸಿಕ್ಯೂಟಿವ್ ಬೇಕಿತ್ತು. ಅಪ್ಲೈ ಮಾಡಿದ್ದು ಹಾಸನದ ಕಡೆಯ ಒಬ್ಬ ಹುಡುಗಿ, ಬಿ.ಕಾಂ. ಆಗಿತ್ತು. ಮೇಲ್ ಇಂಗ್ಲಿಷಲ್ಲಿತ್ತು, ಅದರ ಸಾರ ಇಷ್ಟು:

> ನಿಮ್ಮ ಅರ್ಜಿಗೆ ಧನ್ಯವಾದ. ಈ ಹುದ್ದೆಗೆ ಮುಂದಿನ ಸುತ್ತಿಗೆ ನಿಮ್ಮನ್ನು ಕರೆಯಲು ಆಗುತ್ತಿಲ್ಲ. ಪೋಸ್ಟಿಂಗ್‌ನಲ್ಲಿ ಕೇಳಿದ್ದ ಈ ಅಂಶಗಳು ರೆಸ್ಯೂಮಿನಲ್ಲಿ ಕಾಣಲಿಲ್ಲ. ಒಂದು, ಜಿಎಸ್‌ಟಿ ರಿಟರ್ನ್ ಕೆಲಸದಲ್ಲಿ 3 ವರ್ಷ. ನಮಗೆ ಕಂಡಿದ್ದು 14 ತಿಂಗಳು. ಎರಡು, ಬ್ಯಾಂಕ್ ರಿಕನ್ಸಿಲಿಯೇಷನ್, ಉಲ್ಲೇಖ ಇಲ್ಲ. ಮೂರು, ಟಿಡಿಎಸ್ ರಿಟರ್ನ್, ಉಲ್ಲೇಖ ಇಲ್ಲ. ನಾಲ್ಕು, ಎಕ್ಸ್‌ಪೋರ್ಟ್ ಬಿಲ್ಲಿಂಗ್ ಮತ್ತು ಜಿಎಸ್‌ಟಿ ರೀಫಂಡ್, ಉಲ್ಲೇಖ ಇಲ್ಲ.

ಆಕೆ ಮಾರನೇ ದಿನ ಫೋನ್ ಮಾಡಿದ್ಲು, ದನಿ ಸಣ್ಣಗಾಗಿತ್ತು. ಒಂದೊಂದೇ ಕೇಳ್ತಾ ಹೋದೆ. ಬ್ಯಾಂಕ್ ರಿಕನ್ಸಿಲಿಯೇಷನ್ ಮಾಡ್ತೀಯಾ ಅಂದ್ರೆ "ಅಯ್ಯೋ ಮೇಡಂ, ಅದು ದಿನಾ ಬೆಳಿಗ್ಗೆ ಮೊದಲನೇ ಕೆಲಸ, ಎರಡು ಬ್ಯಾಂಕ್ ಅಕೌಂಟು, ಸ್ಟೇಟ್‌ಮೆಂಟ್ ಇಟ್ಕೊಂಡು ಟ್ಯಾಲಿಯಲ್ಲಿ ಟಿಕ್ ಹಾಕ್ತೀನಿ, ಅದನ್ನೂ ಬರೀಬೇಕಾ?" ಅಂದ್ಲು. ಬರೀಬೇಕು. ದಿನಾ ಮಾಡೋ ಕೆಲಸನೇ ಜನ ಬರೆಯೋದು ಬಿಟ್ಬಿಡೋದು, ಅದು ಕೆಲಸ ಅಂತಾನೇ ಅವರಿಗೆ ಅನ್ಸಿರಲ್ಲ. ಎರಡನೇ ಅಂಶ ಹೀಗೆ ಐದು ನಿಮಿಷದಲ್ಲಿ ಮುಗೀತು. ಉಳಿದ ಮೂರು ಅಷ್ಟು ಸುಲಭ ಇರ್ಲಿಲ್ಲ, ಅವುಗಳಿಗೆ ಕೆಳಗೆ ಬೇರೆ ಬೇರೆ ಉತ್ತರ ಇದೆ.

ನಂದು ಮೂರೂವರೆ ವರ್ಷ ಆಗಿದೆ, ಮೇಲಲ್ಲಿ 14 ತಿಂಗಳು ಅಂತಿದೆ, ಹೇಗ್ ಎಣಿಸ್ತೀರ ನೀವು?

ಇದು ಆ ಹುಡುಗಿಯದ್ದೇ ಪ್ರಶ್ನೆ. ಅವಳ ರೆಸ್ಯೂಮಲ್ಲಿ ಎರಡು ಕೆಲಸ ಇತ್ತು. 2021ರ ಜೂನ್‌ನಿಂದ 2023ರ ಆಗಸ್ಟ್‌ವರೆಗೆ ಹಾಸನದ ಒಂದು ಹಾರ್ಡ್‌ವೇರ್ ಅಂಗಡೀಲಿ ಆಫೀಸ್ ಅಸಿಸ್ಟೆಂಟ್, ಅದು 27 ತಿಂಗಳು. 2023ರ ಅಕ್ಟೋಬರ್‌ನಿಂದ ಬೆಂಗಳೂರಲ್ಲಿ ಜೂನಿಯರ್ ಅಕೌಂಟೆಂಟ್, ಮೇಲ್ ಹೋದ ತಿಂಗಳಿಗೆ ಅದು 14 ತಿಂಗಳು. ಒಟ್ಟು 41 ತಿಂಗಳು, ಅಂದ್ರೆ 3 ವರ್ಷ 5 ತಿಂಗಳು ಸರಿನೇ. ಆದ್ರೆ ಪೋಸ್ಟಿಂಗ್ ಕೇಳಿದ್ದು ಒಟ್ಟು ಅನುಭವ ಅಲ್ಲ, ಜಿಎಸ್‌ಟಿ ರಿಟರ್ನ್ ಕೆಲಸದ ಅನುಭವ. ಮೊದಲ ಕೆಲಸದ ಕೆಳಗೆ "ಬಿಲ್ಲಿಂಗ್, ಜಿಎಸ್‌ಟಿ ಮತ್ತು ಇತರೆ ಆಫೀಸ್ ಕೆಲಸ" ಅಂತ ಒಂದೇ ಸಾಲಿತ್ತು, ಹುದ್ದೆ ಆಫೀಸ್ ಅಸಿಸ್ಟೆಂಟ್, ಹಾಗಾಗಿ ನಾನು ಆ 27 ತಿಂಗಳನ್ನ ಪೂರ್ತಿ ಬಿಟ್ಟು 14 ಮಾತ್ರ ತಗೊಂಡೆ.

ಕೇಳಿದಾಗ ಗೊತ್ತಾಗಿದ್ದು, ಅಂಗಡೀಲಿ ಮೊದಲ ಏಳು ತಿಂಗಳು ಬರೀ ಬಿಲ್ ಎಂಟ್ರಿ, 2022ರ ಜನವರಿಯಿಂದ ಜಿಎಸ್‌ಟಿಆರ್-1 ಅನ್ನೋ ಮಾರಾಟದ ರಿಟರ್ನ್ ತಯಾರು ಮಾಡಿ ಪೋರ್ಟಲ್‌ಗೆ ಅಪ್‌ಲೋಡ್ ಮಾಡ್ತಿದ್ದಿದ್ದು ಇವಳೇ. ಅಲ್ಲಿಂದ 2023ರ ಆಗಸ್ಟ್‌ವರೆಗೆ 20 ತಿಂಗಳು. 20 ಮತ್ತು 14 ಸೇರಿದ್ರೆ 34, ಅಂದ್ರೆ 2 ವರ್ಷ 10 ತಿಂಗಳು. ಕೇಳಿದ್ದಕ್ಕಿಂತ ಎರಡೇ ತಿಂಗಳು ಕಮ್ಮಿ!

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅಕೌಂಟ್ಸ್ ಮ್ಯಾನೇಜರ್ ಆಗಿರೋರು ಖಂಡಿತ ಕೇಳೋದು. ಅಂಗಡಿಯ ವಹಿವಾಟು 5 ಕೋಟಿ ಒಳಗಿತ್ತು, ಅದಕ್ಕೆ ಅವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕೋ ಪದ್ಧತೀಲಿದ್ರು. ಆ 20 ತಿಂಗಳಲ್ಲಿ ಅವಳು ಹಾಕಿದ್ದು 7 ಸಲ. ಬೆಂಗಳೂರಿನ ಕಂಪನಿ ಪ್ರತಿ ತಿಂಗಳು ಹಾಕೋದು, 11ನೇ ತಾರೀಕಿನೊಳಗೆ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಲೆಕ್ಕ ಹಾಕಿ ಕಟ್ಟೋ ಜಿಎಸ್‌ಟಿಆರ್-3ಬಿ, ಅಲ್ಲಿ 14 ಸಲ. ಹಾಗಾಗಿ ರೆಸ್ಯೂಮಲ್ಲಿ "3 ವರ್ಷ ಜಿಎಸ್‌ಟಿ" ಅಂತ ಬರೆಯೋದು ಬಿಟ್ಟು ಹೀಗೆ ಬರೆಸಿದೆ: ಮೊದಲ ಕೆಲಸದ ಕೆಳಗೆ "ಜನವರಿ 2022ರಿಂದ ಆಗಸ್ಟ್ 2023: ತ್ರೈಮಾಸಿಕ ಜಿಎಸ್‌ಟಿಆರ್-1, 7 ಸಲ", ಎರಡನೇದರ ಕೆಳಗೆ "ಅಕ್ಟೋಬರ್ 2023ರಿಂದ: ಮಾಸಿಕ ಜಿಎಸ್‌ಟಿಆರ್-1 ಮತ್ತು 3ಬಿ, ಪ್ರತಿ ತಿಂಗಳು 14ಕ್ಕೆ ಬರೋ 2ಬಿ ಜೊತೆ ಪರ್ಚೇಸ್ ರಿಜಿಸ್ಟರ್ ತಾಳೆ ನೋಡೋದು". ಎಣಿಸೋ ಕೆಲಸ ನಮಗೆ ಬಿಡ್ಬೇಡಿ, ನಾವು ಎಣಿಸಿದ್ರೆ ಕಮ್ಮಿನೇ ಬರತ್ತೆ.

ಹಾಗೇ ತಿಂಗಳು ಹಾಕದೆ "2021-2023" ಅಂತ ಬರೀ ವರ್ಷ ಬರೆಯೋದೂ ನಷ್ಟವೇ. 2021ರ ಡಿಸೆಂಬರ್‌ನಿಂದ 2023ರ ಜನವರಿವರೆಗೂ ಅದು 2021-2023ನೇ, 2021ರ ಜನವರಿಯಿಂದ 2023ರ ಡಿಸೆಂಬರ್‌ವರೆಗೂ ಅದೇ. ಒಂದು 14 ತಿಂಗಳು, ಇನ್ನೊಂದು 36. ಅನುಮಾನ ಇದ್ದಾಗ ರಿಕ್ರೂಟರ್ ಸಣ್ಣ ಲೆಕ್ಕವನ್ನೇ ಹಿಡಿಯೋದು.

ಅರ್ಧ ಕೆಲ್ಸ ಮಾಡಿದೀನಿ, ಅದನ್ನ ಇದೆ ಅಂತ ಹಾಕ್ಕೋಬಹುದಾ?

ಅರ್ಧವನ್ನ ಅರ್ಧ ಅಂತಾನೇ ಹಾಕಿ. ಮೇಲಿನ ಕೇಸಲ್ಲಿ ಮೂರನೇ ಅಂಶ ಟಿಡಿಎಸ್ ರಿಟರ್ನ್. ಅವಳು ಮಾಡ್ತಿದ್ದಿದ್ದು ಕಂಟ್ರ್ಯಾಕ್ಟರ್ ಬಿಲ್ಲು, ಆಡಿಟರ್ ಫೀಸು ಇಂಥವುಗಳ ಮೇಲೆ ಎಷ್ಟು ಕಡಿತ ಮಾಡ್ಬೇಕು ಅಂತ ಲೆಕ್ಕ ಹಾಕೋದು, ಮುಂದಿನ ತಿಂಗಳ 7ರೊಳಗೆ ಚಲನ್ 281ರಲ್ಲಿ ಕಟ್ಟೋದು, ಮೂರು ತಿಂಗಳಿಗೊಮ್ಮೆ ಯಾರ ಪ್ಯಾನ್ ಎಷ್ಟು ಕಡಿತ ಅಂತ ಪಟ್ಟಿ ಮಾಡಿ ಆಡಿಟರ್ ಆಫೀಸಿಗೆ ಕಳಿಸೋದು. 26ಕ್ಯೂ ಅನ್ನೋ ಆ ರಿಟರ್ನ್ ಫೈಲ್ ಮಾಡ್ತಿದ್ದಿದ್ದು ಆಡಿಟರ್ ಕಡೆಯವ್ರು.

ಇದನ್ನ ಅವಳು "ಫೈಲಿಂಗ್ ನಾನು ಮಾಡಿಲ್ವಲ್ಲ" ಅಂತ ಪೂರ್ತಿ ಬಿಟ್ಟಿದ್ಲು. ಅವಳ ಜೊತೆಗಾರನೊಬ್ಬ ಅದೇ ಕೆಲಸಕ್ಕೆ "ಟಿಡಿಎಸ್ ರಿಟರ್ನ್ ಫೈಲಿಂಗ್" ಅಂತ ರಾಜಾರೋಷವಾಗಿ ಬರ್ಕೊಂಡಿದ್ದನಂತೆ. ಎರಡೂ ತಪ್ಪು. ಎರಡನೇದು ಇಂಟರ್‌ವ್ಯೂನಲ್ಲಿ ಒಂದೇ ಪ್ರಶ್ನೆಗೆ ಕಳಚಿ ಬೀಳತ್ತೆ: "ಫೈಲ್ ವ್ಯಾಲಿಡೇಟ್ ಮಾಡುವಾಗ ಪ್ಯಾನ್ ತಪ್ಪಿದ್ರೆ ಏನ್ ಮಾಡ್ತಿದ್ರಿ, ಆಮೇಲೆ ಕರೆಕ್ಷನ್ ಹೇಗ್ ಹಾಕ್ತಿದ್ರಿ?" ಮಾಡದೇ ಇರೋರು ಅಲ್ಲೇ ನಿಲ್ತಾರೆ, ಅದರ ಜೊತೆ ರೆಸ್ಯೂಮಿನ ಉಳಿದ ಸಾಲುಗಳ ಮೇಲಿನ ನಂಬಿಕೆನೂ ಹೋಗತ್ತೆ. ಸರಿಯಾದ ಸಾಲು: "ಟಿಡಿಎಸ್ ಲೆಕ್ಕ, ಚಲನ್ ಪಾವತಿ, 26ಕ್ಯೂಗೆ ಡೇಟಾ ತಯಾರಿ, ಫೈಲಿಂಗ್ ಆಡಿಟರ್ ಮೂಲಕ". ಇದನ್ನ ಓದಿದ ಮ್ಯಾನೇಜರಿಗೆ ಉಳಿದ ಭಾಗ ಕಲಿಸಕ್ಕೆ ಎಷ್ಟು ದಿನ ಬೇಕು ಅಂತ ತಾನೇ ಅಂದಾಜಾಗತ್ತೆ.

ನಿಜವಾಗ್ಲೂ ಇಲ್ದೇ ಇರೋದಕ್ಕೆ ಒಂದು ಕೋರ್ಸ್ ಮಾಡಿ ಸರ್ಟಿಫಿಕೇಟ್ ತೋರಿಸಿದ್ರೆ ಆಗತ್ತಾ?

ಪೋಸ್ಟಿಂಗ್‌ನಲ್ಲಿ ಯಾವ ಪದ ಇದೆ ನೋಡಿ. "ತಿಳಿದಿರಬೇಕು" ಅಂತಿದ್ರೆ ಕೋರ್ಸ್ ಉಪಯೋಗಕ್ಕೆ ಬರಬಹುದು. "ಅನುಭವ" ಅಂತಿದ್ರೆ ಬರಲ್ಲ. ಪೀಣ್ಯದ ಕಂಪನಿಗೆ ಎಕ್ಸ್‌ಪೋರ್ಟ್ ಅನುಭವವೇ ಬೇಕಿತ್ತು, ಯಾಕಂದ್ರೆ ಅವರ ಜಿಎಸ್‌ಟಿ ರೀಫಂಡ್ ದುಡ್ಡು ಸಿಕ್ಕಿಹಾಕ್ಕೊಂಡಿತ್ತು, ಹಳೇ ಅಕೌಂಟೆಂಟ್ ಬಿಟ್ಟು ಹೋಗಿದ್ರು. ಶಿಪ್ಪಿಂಗ್ ಬಿಲ್ ನಂಬರಿಗೂ ಜಿಎಸ್‌ಟಿಆರ್-1ರಲ್ಲಿ ಹಾಕಿದ ಇನ್‌ವಾಯ್ಸಿಗೂ ತಾಳೆ ಆಗದೇ ಇದ್ರೆ ಎಲ್ಲಿ ಸರಿ ಮಾಡ್ಬೇಕು ಅಂತ ಕೈಯಾರೆ ಮಾಡಿದವರಿಗೇ ಗೊತ್ತಿರೋದು, ಬಂದ ಮೊದಲ ವಾರದಿಂದ ಆ ಕೆಲಸ ನಡೀಬೇಕಿತ್ತು. ನಿಜ ಹೇಳ್ಬೇಕಂದ್ರೆ ನಾಲ್ಕು ಅಂಶದಲ್ಲಿ ಆ ಹುಡುಗಿಯನ್ನ ಹೊರಗಿಟ್ಟಿದ್ದು ಇದೊಂದೇ. ಉಳಿದ ಮೂರು ಸರಿಯಾಗಿ ಬರೆದಿದ್ರೂ ಆ ಪೋಸ್ಟ್ ಅವಳಿಗೆ ಸಿಗ್ತಿರ್ಲಿಲ್ಲ, ಅದನ್ನ ಅವಳಿಗೆ ನೇರವಾಗೇ ಹೇಳಿದೆ.

ಅವಳಿಗೆ ನಾನು ಹೇಳಿದ್ದು ಕೋರ್ಸ್ ಬೇಡ ಅಂತ. ಈಗಿರೋ ಕಂಪನೀಲಿ ವರ್ಷಕ್ಕೆ ಒಂದೆರಡು ಎಕ್ಸ್‌ಪೋರ್ಟ್ ಆರ್ಡರ್ ಬರ್ತಿತ್ತಂತೆ, ಸೀನಿಯರ್ ಅದನ್ನ ನೋಡ್ಕೊಳ್ತಿದ್ರು. ಟ್ಯಾಕ್ಸ್ ಕಟ್ಟದೆ ಎಕ್ಸ್‌ಪೋರ್ಟ್ ಮಾಡಕ್ಕೆ ಪ್ರತಿ ಹಣಕಾಸು ವರ್ಷಕ್ಕೂ ಎಲ್‌ಯುಟಿ ಅಂತ ಒಂದು ಮುಚ್ಚಳಿಕೆಯನ್ನ ಪೋರ್ಟಲ್‌ನಲ್ಲಿ ಹೊಸದಾಗಿ ಕೊಡ್ಬೇಕು, ಈ ಸಲ ಅದನ್ನ ನಾನೇ ತುಂಬ್ತೀನಿ, ನೀವು ಪಕ್ಕದಲ್ಲಿರಿ ಅಂತ ಸೀನಿಯರನ್ನ ಕೇಳು ಅಂದೆ. ಒಂದು ಎಲ್‌ಯುಟಿ, ಎರಡು ಎಕ್ಸ್‌ಪೋರ್ಟ್ ಇನ್‌ವಾಯ್ಸ್ ಆದ್ರೂ ಅದು ರೆಸ್ಯೂಮಲ್ಲಿ ತಾರೀಕು ಸಮೇತ ಬರೆಯೋ ಅನುಭವ. ಹೊರಗೆ ದುಡ್ಡು ಕೊಟ್ಟು ಕಲಿಯೋ ಮೊದಲು ಈಗಿರೋ ಆಫೀಸಲ್ಲೇ ಆ ಕೆಲಸ ಯಾರ ಟೇಬಲ್ ಮೇಲಿದೆ ಅಂತ ಹುಡುಕಿ.

ಆ ಮೇಲ್‌ಗೆ ವಾಪಸ್ ಉತ್ತರ ಬರೀಬೇಕಾ, ಬರೆದ್ರೆ ಏನಂತ?

ಬರೀರಿ, ಆದ್ರೆ ವಾದ ಮಾಡ್ಬೇಡಿ. ನಾಲ್ಕೈದು ಸಾಲು ಸಾಕು. ಅವಳು ಕಳಿಸಿದ್ದು ಹೀಗಿತ್ತು:

> ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದ ಮೇಡಂ. ಬ್ಯಾಂಕ್ ರಿಕನ್ಸಿಲಿಯೇಷನ್ ದಿನವೂ ಮಾಡುತ್ತೇನೆ, ರೆಸ್ಯೂಮಿನಲ್ಲಿ ಬರೆದಿರಲಿಲ್ಲ. ಜಿಎಸ್‌ಟಿ ರಿಟರ್ನ್ ಕೆಲಸ ಒಟ್ಟು 34 ತಿಂಗಳು, ವಿವರ ಸೇರಿಸಿದ್ದೇನೆ. ಟಿಡಿಎಸ್‌ನಲ್ಲಿ ಪಾವತಿ ಮತ್ತು ಡೇಟಾ ತಯಾರಿವರೆಗೆ ಅನುಭವ ಇದೆ, ಫೈಲಿಂಗ್ ಇಲ್ಲ. ಎಕ್ಸ್‌ಪೋರ್ಟ್ ಅನುಭವ ಇಲ್ಲ. ತಿದ್ದಿದ ರೆಸ್ಯೂಮ್ ಲಗತ್ತಿಸಿದ್ದೇನೆ, ಎಕ್ಸ್‌ಪೋರ್ಟ್ ಬೇಕಿಲ್ಲದ ಹುದ್ದೆ ಬಂದರೆ ದಯವಿಟ್ಟು ತಿಳಿಸಿ.

ಇದರಲ್ಲಿ ನನಗೆ ತುಂಬ ಬೆಲೆ ಇರೋ ಸಾಲು "ಎಕ್ಸ್‌ಪೋರ್ಟ್ ಅನುಭವ ಇಲ್ಲ" ಅನ್ನೋದು. ಇಲ್ಲ ಅನ್ನೋದನ್ನ ಇಲ್ಲ ಅಂತ ಬರೆದವರ "ಇದೆ" ಅನ್ನೋ ಸಾಲುಗಳನ್ನ ನಾನು ಪ್ರಶ್ನೆ ಮಾಡದೆ ಮುಂದೆ ಕಳಿಸ್ತೀನಿ. ಫೆಬ್ರವರಿಯಲ್ಲಿ ರಾಜಾಜಿನಗರದ ಒಂದು ಡಿಸ್ಟ್ರಿಬ್ಯೂಟರ್ ಆಫೀಸಿಗೆ ಅಕೌಂಟೆಂಟ್ ಬೇಕಾದಾಗ ನಾನು ಮೊದಲು ಹುಡುಕಿದ್ದು ಈ ಮೇಲನ್ನೇ.

## ಇನ್ನೂ ಒಳಗಿನ ಪ್ರಶ್ನೆಗಳು

ತಿದ್ಕೊಂಡು ಅದೇ ಪೋಸ್ಟಿಗೆ ಮತ್ತೆ ಅಪ್ಲೈ ಮಾಡಿದ್ರೆ ಹೊಸದಾಗಿ ನೋಡ್ತಾರಾ?

ಹಳೇದೂ ಪಕ್ಕದಲ್ಲೇ ಇರತ್ತೆ. ಅದೇ ಮೇಲ್ ಐಡಿ, ಅದೇ ಫೋನ್ ನಂಬರ್ ಬಂದ ತಕ್ಷಣ ಸಾಫ್ಟ್‌ವೇರ್ ಎರಡನ್ನೂ ಜೋಡಿಸತ್ತೆ. ಹಾಗಾಗಿ ಬದಲಾವಣೆ ಎಂಥದು ಅನ್ನೋದು ಮುಖ್ಯ. ಹಳೇದ್ರಲ್ಲಿ ಇಲ್ಲದ ವಿವರ ಹೊಸದ್ರಲ್ಲಿ ಸೇರಿದ್ರೆ ಯಾವ ತೊಂದರೆನೂ ಇಲ್ಲ. ಆದ್ರೆ ಹಳೇದ್ರಲ್ಲಿ ಆಫೀಸ್ ಅಸಿಸ್ಟೆಂಟ್ ಇದ್ದದ್ದು ಹೊಸದ್ರಲ್ಲಿ ಅಕೌಂಟೆಂಟ್ ಆದ್ರೆ, ತಾರೀಕು ಎರಡು ತಿಂಗಳು ಹಿಂದಕ್ಕೆ ಹೋದ್ರೆ, ಅಲ್ಲಿಗೆ ಮುಗೀತು.

ಹುದ್ದೆಯ ಹೆಸರು ಎಕ್ಸ್‌ಪೀರಿಯೆನ್ಸ್ ಲೆಟರಲ್ಲಿ ಹೇಗಿದೆಯೋ ಹಾಗೇ ಇರ್ಲಿ, ಮಾಡಿದ ಕೆಲಸವನ್ನ ಅದರ ಕೆಳಗೆ ಬರೀರಿ. ತಾರೀಕುಗಳನ್ನ ಬ್ಯಾಕ್‌ಗ್ರೌಂಡ್ ಚೆಕ್ ಮಾಡೋರು ಪಿಎಫ್‌ನ ಯುಎಎನ್ ಸರ್ವೀಸ್ ಹಿಸ್ಟರಿ ಜೊತೆ ತಾಳೆ ನೋಡ್ತಾರೆ, ಸೇರಿದ ದಿನ ಬಿಟ್ಟ ದಿನ ಎರಡೂ ಅದರಲ್ಲಿರತ್ತೆ. ಸಣ್ಣ ಅಂಗಡೀಲಿ ಪಿಎಫ್ ಇರ್ಲಿಲ್ಲ ಅಂದ್ರೆ ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟು, ಮಾಲೀಕರ ಲೆಟರು ಈಗ್ಲೇ ತೆಗೆದಿಟ್ಕೊಳಿ.

ಮತ್ತೆ ಅಪ್ಲೈ ಮಾಡೋದಕ್ಕಿಂತ ಮೇಲ್ ಬರೆದ ರಿಕ್ರೂಟರಿಗೇ ಹೊಸ ರೆಸ್ಯೂಮ್ ಕಳಿಸಿ "ಪೋಸ್ಟ್ ಇನ್ನೂ ಖಾಲಿ ಇದ್ರೆ ನೋಡಿ" ಅನ್ನೋದು ಉತ್ತಮ. ಕೆಲವು ಕಂಪನಿಗಳಲ್ಲಿ ಒಂದು ಸಲ ರಿಜೆಕ್ಟ್ ಆದವರು ಇಂತಿಷ್ಟು ತಿಂಗಳು ಮತ್ತೆ ಅಪ್ಲೈ ಮಾಡೋ ಹಾಗಿಲ್ಲ ಅನ್ನೋ ನಿಯಮ ಇರತ್ತೆ, ಕರಿಯರ್ ಪೇಜಲ್ಲಿ ನೋಡ್ಕೊಳಿ.

ಮೇಲಲ್ಲಿ ಬರೆದಿರೋದೇ ಅಸಲಿ ಕಾರಣಾನಾ, ಇಲ್ಲ ಬೇರೆ ಏನೋ ಇದ್ದು ಇದನ್ನ ಹೇಳ್ತಾರಾ?

ಬರೆದದ್ದು ಸಾಮಾನ್ಯವಾಗಿ ಸುಳ್ಳಿರಲ್ಲ, ಆದ್ರೆ ಪೂರ್ತಿ ಇರಲ್ಲ. ನೀವು ಕೇಳಿದ ಸಂಬಳ ಅವರ ಬಜೆಟ್ ದಾಟಿದ್ದು, 90 ದಿನದ ನೋಟೀಸ್ ಪೀರಿಯಡ್ ಅವರಿಗೆ ಕಾಯಕ್ಕಾಗದೇ ಇದ್ದದ್ದು, ಒಳಗಿನವರಿಗೇ ಪೋಸ್ಟ್ ಕೊಟ್ಟಿದ್ದು ಇವೆಲ್ಲ ಮೇಲಲ್ಲಿ ಬರೋದು ಅಪರೂಪ, ಯಾಕಂದ್ರೆ ಅವು ರೆಸ್ಯೂಮಿನ ಅಂಶಗಳಲ್ಲ, ಕಂಪನಿಯ ಒಳಗಿನ ಮಾತು.

ಗುರುತಿಸೋದು ಹೇಗೆ ಅಂದ್ರೆ, ಹೇಳಿದ ಕೊರತೆ ನಿಮ್ಮ ರೆಸ್ಯೂಮಲ್ಲಿ ನಿಜಕ್ಕೂ ಇದ್ಯಾ ಅಂತ ಬೇರೆ ಯಾರಿಗಾದ್ರೂ ತೋರಿಸಿ. ಪೋಸ್ಟಿಂಗ್ ಮತ್ತು ರೆಸ್ಯೂಮ್ ಎರಡನ್ನೂ ಅವರ ಕೈಗೆ ಕೊಟ್ಟು "ಇದರಲ್ಲಿ ಟಿಡಿಎಸ್ ಎಲ್ಲಿದೆ ಹೇಳು" ಅನ್ನಿ. ಅವರಿಗೆ ತಕ್ಷಣ ಸಿಕ್ಕಿದ್ರೆ ಕಾರಣ ಬೇರೆ ಇರಬಹುದು. ಅವರೂ ಹುಡುಕಾಡಿದ್ರೆ ಮೇಲ್ ಸರಿಯಾಗೇ ಇದೆ. ಇನ್ನೊಂದು, ಅರ್ಜಿ ಹಾಕಿದ ಮೇಲೆ ಅವರು ಫೋನಲ್ಲಿ ಮಾತಾಡಿ, ಸಂಬಳ ನೋಟೀಸ್ ಎಲ್ಲ ಕೇಳಿ, ಆಮೇಲೆ ರೆಸ್ಯೂಮ್ ಹೊಂದಲ್ಲ ಅಂತ ಮೇಲ್ ಬಂದ್ರೆ ಆ ಎರಡು ಉತ್ತರಗಳಲ್ಲೇ ಎಡವಿರೋ ಸಾಧ್ಯತೆ ಇದೆ, ಯಾಕಂದ್ರೆ ಫೋನ್ ಮಾಡಿದ್ರು ಅಂದ್ರೆ ರೆಸ್ಯೂಮ್ ಮೊದಲೇ ದಾಟಿತ್ತು.

ಪೋಸ್ಟಿಂಗ್‌ನಲ್ಲಿ ಇಲ್ಲದೇ ಇರೋದನ್ನ ಮೇಲಲ್ಲಿ ಇಲ್ಲ ಅಂತಾರಲ್ಲ, ಇದ್ಯಾವ ನ್ಯಾಯ?

ನ್ಯಾಯ ಅಲ್ಲ, ಆದ್ರೆ ಆಗತ್ತೆ. ಪೋಸ್ಟಿಂಗ್ ಹಾಕಿದ ಮೇಲೆ ಮ್ಯಾನೇಜರ್ ಮೊದಲ ಹತ್ತು ರೆಸ್ಯೂಮ್ ನೋಡಿ "ಇಂಥವರು ಬೇಡ, ಎಸ್‌ಎಪಿ ಗೊತ್ತಿರೋರೇ ಬೇಕು" ಅಂತಾರೆ, ಪೋರ್ಟಲ್‌ನಲ್ಲಿ ಹಳೇ ಪೋಸ್ಟಿಂಗ್ ಹಾಗೇ ಉಳಿಯತ್ತೆ. ಅಥವಾ "ಇದ್ದರೆ ಒಳ್ಳೆಯದು" ಅಂತ ಕೊನೇಲಿ ಹಾಕಿದ್ದ ಅಂಶ, ಅದು ಇರೋರೇ ಸಾಕಷ್ಟು ಜನ ಬಂದಾಗ ಕಡ್ಡಾಯ ಆಗಿಬಿಡತ್ತೆ. ಇದು ತಿಳಿಬೇಕಂದ್ರೆ ಅಪ್ಲೈ ಮಾಡಿದ ದಿನವೇ ಪೋಸ್ಟಿಂಗ್‌ನ ಸ್ಕ್ರೀನ್‌ಶಾಟ್ ಇಟ್ಕೊಂಡಿರ್ಬೇಕು, ಮೇಲ್ ಬರೋ ಹೊತ್ತಿಗೆ ಲಿಂಕ್ ಮುಚ್ಚಿರತ್ತೆ. ತಾಳೆ ನೋಡಿ ಆ ಅಂಶ ಇಲ್ಲ ಅಂತಾದ್ರೆ ಅದಕ್ಕಾಗಿ ರೆಸ್ಯೂಮ್ ತಿದ್ದಕ್ಕೆ ಹೋಗ್ಬೇಡಿ. ಅದೇ ಮಾತು ಇನ್ನೂ ಎರಡು ಕಂಪನಿಯವ್ರು ಹೇಳಿದ್ರೆ ಆಗ ಯೋಚನೆ ಮಾಡಿ.

"ನಿಮ್ಮ ರೆಸ್ಯೂಮ್ ಸ್ಕೋರ್ ಕಮ್ಮಿ ಬಂದಿದೆ, ನಾವೇ ಸರಿ ಮಾಡಿ ಮತ್ತೆ ಕಳಿಸ್ತೀವಿ, ಇಷ್ಟು ದುಡ್ಡು ಕಟ್ಟಿ" ಅಂತ ಮೇಲ್ ಬಂದಿದೆ, ಕಟ್ಲಾ?

ಕಟ್ಬೇಡಿ. ಕೆಲಸಕ್ಕೆ ಜನ ಹುಡುಕೋರು ರಿಜೆಕ್ಟ್ ಮಾಡಿದ ರೆಸ್ಯೂಮನ್ನ ದುಡ್ಡಿಗೆ ತಿದ್ದಿ ಕೊಡಲ್ಲ. ಇಂಥ ಮೇಲ್‌ಗಳಲ್ಲಿ ಪೋಸ್ಟಿಂಗ್‌ನ ಒಂದು ಅಂಶವೂ ಹೆಸರಿಸಿರಲ್ಲ, ಬರೀ ಒಂದು ಅಂಕಿ ಇರತ್ತೆ, ಇವತ್ತೇ ಕೊನೇ ದಿನ ಅಂತಿರತ್ತೆ. ಕಳಿಸಿದ ವಿಳಾಸದಲ್ಲಿ `@` ಆದ್ಮೇಲೆ ಏನಿದೆ ನೋಡಿ, ಕಂಪನಿಯ ವೆಬ್‌ಸೈಟ್ ಹೆಸರೇ ಇದ್ಯಾ ಇಲ್ಲ ಅದಕ್ಕೆ ಒಂದಕ್ಷರ ಸೇರಿಸಿದಾರಾ ಅಂತ. ನೀವು ಅಪ್ಲೈನೇ ಮಾಡದ ಪೋಸ್ಟಿಗೆ ಫೀಡ್‌ಬ್ಯಾಕ್ ಬಂದಿದ್ರಂತೂ ಯೋಚಿಸೋದೇ ಬೇಡ. ಈಗಾಗ್ಲೇ ಕಟ್ಟಿದ್ರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ ಅದು, ಬೇಗ ಹೇಳಿದಷ್ಟೂ ಆ ದುಡ್ಡನ್ನ ದಾರೀಲೇ ತಡೆಯೋ ಅವಕಾಶ ಜಾಸ್ತಿ. ಪೇಮೆಂಟ್ ಆದ ಸಮಯ, ಟ್ರಾನ್ಸಾಕ್ಷನ್ ನಂಬರು, ಆ ಮೇಲು ಮೂರನ್ನೂ ಕೈಲಿಟ್ಕೊಂಡೇ ಫೋನ್ ಮಾಡಿ.